ವಿಷಯ: ಪಟ್ಟಿಯಲ್ಲಿ ರೈತರ ಹೆಸರು ತಪ್ಪಾಗಿ ಅಚ್ಚಾಗುತ್ತಿರುವುದು – ನಿಮ್ಮ ಕಂಪ್ಯೂಟರನ್ನು ದೂರದಿಂದ ನೋಡಲು ಅನುಮತಿ ಕೋರಿಕೆ

ತುಮಕೂರು
ಬುಧವಾರ, ಜುಲೈ 9, 2025

ಶ್ರೀ ವೆಂಕಟೇಶಪ್ಪನವರಿಗೆ,
ಟೊಮೆಟೊ ಮಂಡಿ, ಎಪಿಎಂಸಿ ಪ್ರಾಂಗಣ, ಕೋಲಾರ

ನಮಸ್ಕಾರ ಸಾರ್,

ಬೆಳಿಗ್ಗೆ ಮಂಜುಳಾ ಅವರು ಕಳುಹಿಸಿದ ಪಟ್ಟಿಯ ಫೋಟೊ ನೋಡಿದೆ. ಕ್ರೇಟುಗಳ ಸಂಖ್ಯೆ, ದರ, ಕಮಿಷನ್, ಹಮಾಲಿ, ಕೊನೆಯ ನಿವ್ವಳ ಮೊತ್ತ ಎಲ್ಲವೂ ಸರಿಯಾಗಿವೆ. ಕೆಟ್ಟಿರುವುದು ರೈತರ ಹೆಸರು ಮತ್ತು ಊರು ಮಾತ್ರ. ರಮೇಶ್ ಎಂದು ಇರಬೇಕಾದ ಜಾಗದಲ್ಲಿ ಹೀಗೆ ಅಚ್ಚಾಗಿದೆ:

```
gÀªÉÄÃ±ï
```

ಇದನ್ನು ನೋಡಿದ ಕೂಡಲೇ ಒಂದು ಸಮಾಧಾನದ ಮಾತು ಹೇಳಬಹುದು: ನಿಮ್ಮ ಲೆಕ್ಕ ಕೆಟ್ಟಿಲ್ಲ, ಹೆಸರುಗಳೂ ಅಳಿಸಿಹೋಗಿಲ್ಲ. ನಿಮ್ಮ ಹಳೆಯ ಖಾತೆಗಳನ್ನು ನುಡಿ ಅಕ್ಷರಗಳಲ್ಲಿ ಬರೆದಿಡಲಾಗಿದೆ. ಆ ಕಾಲದ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರವೂ ಒಳಗೆ ಇಂಗ್ಲಿಷ್ ಚಿಹ್ನೆಗಳ ರೂಪದಲ್ಲೇ ಇರುತ್ತದೆ. ನುಡಿ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ಇಲ್ಲದಿದ್ದರೆ ಆ ಚಿಹ್ನೆಗಳೇ ಹೊರಗೆ ಬರುತ್ತವೆ. ಕಳೆದ ವಾರ ನೀವು ಹೊಸ ಕಂಪ್ಯೂಟರ್ ತಂದು ಹಳೆಯ ಲೆಕ್ಕವನ್ನು ಅದಕ್ಕೆ ಹಾಕಿಸಿದ ಮೇಲೆ ಈ ತೊಂದರೆ ಶುರುವಾಗಿದೆ. ಹಾಗಾಗಿ ನನ್ನ ಅನುಮಾನ ಎರಡು ಕಡೆ ಇದೆ. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿರಬಹುದು. ಅಥವಾ ಫಾಂಟ್ ಇದ್ದೂ ನಿಮ್ಮ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಸರಿಯಾದ ಡ್ರೈವರಿನ ಬದಲು Generic / Text Only ಎಂಬುದನ್ನು ಹಾಕಿರಬಹುದು. ಆ ಡ್ರೈವರ್ ಫಾಂಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲನೆಯದಾದರೆ ಪರದೆಯ ಮೇಲೂ ಹೆಸರು ಕೆಟ್ಟು ಕಾಣಬೇಕು, ಎರಡನೆಯದಾದರೆ ಪರದೆಯಲ್ಲಿ ಸರಿಯಿದ್ದು ಕಾಗದದಲ್ಲಿ ಮಾತ್ರ ಕೆಡಬೇಕು. ಫೋಟೊ ಕಾಗದದ್ದು ಮಾತ್ರ ಇರುವುದರಿಂದ ಇಲ್ಲಿಂದ ತೀರ್ಮಾನಿಸಲು ಆಗುತ್ತಿಲ್ಲ. ಎರಡೂ ಒಟ್ಟಿಗೆ ಆಗಿರುವ ಸಾಧ್ಯತೆಯೂ ಇದೆ. ಆದ್ದರಿಂದಲೇ ನಿಮ್ಮ ಪರದೆಯನ್ನು ನಾನು ನೋಡಬೇಕಾಗಿದೆ.

ಅಲ್ಲಿಯವರೆಗೆ ಒಂದು ವಿನಂತಿ. ನಾಳೆ ಬೆಳಗಿನ ಹರಾಜಿನ ಪಟ್ಟಿಗಳಲ್ಲಿ ಹೆಸರು ಮತ್ತು ಊರನ್ನು ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಸಹಿ ಮಾಡಿ ಕೊಡಿ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿಯ ಕಡೆಯಿಂದ ಬರುವವರಲ್ಲಿ ಒಂದೇ ಹೆಸರಿನವರು ಎಷ್ಟೋ ಜನ ಇರುತ್ತಾರೆ. ಊರಿನ ಹೆಸರಿಲ್ಲದೆ ಯಾರ ಮಾಲು ಯಾರದೆಂದು ಆಮೇಲೆ ಹೇಳುವುದು ಕಷ್ಟ. ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಲು ತಂದವರ ಕೈಯಲ್ಲಿ ಉಳಿಯುವ ದಾಖಲೆ ಆ ಒಂದು ಚೀಟಿ. ಹೆಸರುಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಟೈಪ್ ಮಾಡಿ ಸರಿಪಡಿಸಲು ಮಾತ್ರ ಹೋಗಬೇಡಿ. ಹಳೆಯ ಖಾತೆಯ ಬಾಕಿ ಒಂದು ಹೆಸರಿನಲ್ಲಿ, ಹೊಸ ಮಾಲು ಇನ್ನೊಂದರಲ್ಲಿ ಕುಳಿತುಬಿಡುತ್ತದೆ.

ಸಮಯ: ನಾಳೆ ಗುರುವಾರ ಮಧ್ಯಾಹ್ನ 3 ಗಂಟೆ. ಅಷ್ಟರಲ್ಲಿ ಹರಾಜು, ಲೋಡಿಂಗ್ ಎಲ್ಲ ಮುಗಿದಿರುತ್ತದೆ ಎಂದು ಮಂಜುಳಾ ಅವರು ತಿಳಿಸಿದ್ದಾರೆ. ಸುಮಾರು ಮುಕ್ಕಾಲು ಗಂಟೆ ಬೇಕು. ಆ ಹೊತ್ತಿನಲ್ಲಿ ಬೇರೆ ಬಿಲ್ಲು ಹಾಕಲು ಆಗುವುದಿಲ್ಲ.

ನಾನು ಬಳಸುವುದು Quick Assist. ಇದು ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ತಂತ್ರಾಂಶ. ಬೇರೆ ಯಾವ ಆ್ಯಪನ್ನೂ ಇಳಿಸಿಕೊಳ್ಳಬೇಕಾಗಿಲ್ಲ, ನಿಮ್ಮ ಕಡೆ ಯಾವ ಖಾತೆಗೂ ಲಾಗಿನ್ ಆಗಬೇಕಾಗಿಲ್ಲ.

ಈಗ ಬಹಳ ಮುಖ್ಯವಾದ ಮಾತು. ನಾಳೆ ಮೊದಲ ಕರೆ ನಾನು ಮಾಡುವುದಿಲ್ಲ, ನೀವೇ ಮಾಡಬೇಕು. ನಿಮ್ಮ ವಾರ್ಷಿಕ ನಿರ್ವಹಣೆಯ ರಸೀದಿಯ ಮೇಲೆ ಅಚ್ಚಾಗಿರುವ ಕಚೇರಿಯ ಸಂಖ್ಯೆಗೆ ಕರೆ ಮಾಡಿ ನನ್ನ ಹೆಸರು ಹೇಳಿ, ನನಗೆ ಕೊಡುತ್ತಾರೆ. ಈ ಪತ್ರದಲ್ಲಿ ನಾನು ಬೇಕೆಂದೇ ಯಾವ ಫೋನ್ ಸಂಖ್ಯೆಯನ್ನೂ ಬರೆದಿಲ್ಲ. ಕಂಪ್ಯೂಟರ್ ರಿಪೇರಿ ಮಾಡುತ್ತೇವೆಂದು ಕರೆ ಮಾಡಿ, ಪರದೆ ತೋರಿಸಿಕೊಂಡು, ಬ್ಯಾಂಕಿನ ಹಣ ಎತ್ತುವವರು ಈಗ ಎಲ್ಲೆಡೆ ಇದ್ದಾರೆ. ಅವರು ಕೇಳುವುದೂ ಇದೇ ಅನುಮತಿಗಳನ್ನು. ನಮ್ಮ ಹೆಸರು ಹೇಳಿಕೊಂಡು ಯಾರೇ ತಾವಾಗಿ ಕರೆ ಮಾಡಿದರೂ, ಅದು ನನ್ನದೇ ದನಿಯಂತೆ ಕೇಳಿದರೂ, ಕರೆ ಮುಗಿಸಿ ರಸೀದಿಯ ಸಂಖ್ಯೆಗೆ ನೀವು ಮಾಡಿ. ಒಟಿಪಿ, ಯುಪಿಐ ಪಿನ್, ಬ್ಯಾಂಕ್ ಪಾಸ್‌ವರ್ಡ್ ಈ ಕೆಲಸಕ್ಕೆ ಯಾವ ಹಂತದಲ್ಲೂ ಬೇಕಾಗುವುದಿಲ್ಲ. ಯಾರಾದರೂ ಕೇಳಿದರೆ ಅಲ್ಲಿಗೇ ನಿಲ್ಲಿಸಿಬಿಡಿ. ಹಣ ಹೋಯಿತೆಂಬ ಅನುಮಾನ ಎಂದಾದರೂ ಬಂದರೆ ಕ್ಷಣವೂ ಕಾಯದೆ 1930ಕ್ಕೆ ಕರೆ ಮಾಡಬೇಕು, ಅದು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ.

3 ಗಂಟೆಗೆ ಮೊದಲು ಇಷ್ಟು ಸಿದ್ಧವಿರಲಿ. ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್, ಇಮೇಲ್, ಬ್ಯಾಂಕಿನ ಪುಟ ತೆರೆದಿದ್ದರೆ ಮುಚ್ಚಿಬಿಡಿ, ಏಕೆಂದರೆ ಪರದೆಯ ಮೇಲೆ ಇರುವುದೆಲ್ಲ ನನಗೂ ಕಾಣುತ್ತದೆ. ಪ್ರಿಂಟರ್ ಚಾಲೂ ಇರಲಿ, ಅದರಲ್ಲಿ ನಾಲ್ಕೈದು ಹಾಳೆ ಇರಲಿ. ಯುಪಿಎಸ್ ಚಾರ್ಜ್ ಆಗಿರಲಿ, ಕೆಲಸದ ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಬರಬೇಕಾಗುತ್ತದೆ. ಇಂಟರ್ನೆಟ್ ಮೊಬೈಲಿನಿಂದ ಕೊಡುತ್ತಿದ್ದರೆ ನನ್ನ ಜೊತೆ ಮಾತಾಡಲು ಬೇರೆ ಫೋನ್ ಇಟ್ಟುಕೊಳ್ಳಿ. ಕರೆ ಬಂದಾಗ ಇಂಟರ್ನೆಟ್ ಕಡಿದುಹೋಗುವ ಫೋನುಗಳು ಇನ್ನೂ ಇವೆ. ತಂತ್ರಾಂಶ ಕೊಂಡಾಗ ನಾವು ಕೊಟ್ಟ ಪೆನ್ ಡ್ರೈವ್ ಹುಡುಕಿಡಿ, ನುಡಿ ಫಾಂಟ್ ಅದರಲ್ಲಿದೆ. ಇನ್ನೊಂದು ಖಾಲಿ ಪೆನ್ ಡ್ರೈವ್ ಕೂಡ ಬೇಕು.

ನಂತರದ ಹೆಜ್ಜೆಗಳನ್ನು ಮಂಜುಳಾ ಅವರು ಓದಿಕೊಂಡಿರಲಿ. ಫೋನಿನಲ್ಲಿ ನಾನೂ ಜೊತೆಗಿರುತ್ತೇನೆ.

ಕೀಬೋರ್ಡಿನಲ್ಲಿ Ctrl ಮತ್ತು ವಿಂಡೋಸ್ ಗುರುತಿನ ಕೀಲಿ ಎರಡನ್ನೂ ಹಿಡಿದುಕೊಂಡು Q ಒತ್ತಿ, Quick Assist ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ Start ಒತ್ತಿ ಹೀಗೆ ಟೈಪ್ ಮಾಡಿದರೆ ಪಟ್ಟಿಯಲ್ಲಿ ಕಾಣುತ್ತದೆ:

```
Quick Assist
```

ಅದರಲ್ಲಿ ಎರಡು ಭಾಗಗಳಿವೆ. ನಿಮ್ಮದು Get help ಎಂದಿರುವ ಭಾಗ. ಇನ್ನೊಂದನ್ನು ಮುಟ್ಟಬೇಡಿ, ಅದು ಸಹಾಯ ಮಾಡುವವರದು. ನಾನು ಫೋನಿನಲ್ಲಿ ಒಂದು ಸಂಕೇತ ಓದಿ ಹೇಳುತ್ತೇನೆ. ಅದನ್ನು ಅಲ್ಲಿರುವ ಖಾಲಿ ಜಾಗದಲ್ಲಿ ಬರೆದು Submit ಒತ್ತಿ. ಆ ಸಂಕೇತಕ್ಕೆ 10 ನಿಮಿಷ ಮಾತ್ರ ಆಯುಸ್ಸು, ತಡವಾದರೆ ಹೊಸದನ್ನು ಕೊಡುತ್ತೇನೆ. ಅವಸರ ಬೇಡ.

ಆಮೇಲೆ ಪರದೆ ತೋರಿಸಲು ಒಪ್ಪಿಗೆಯೇ ಎಂದು ಕಂಪ್ಯೂಟರ್ ಕೇಳುತ್ತದೆ. ಅಲ್ಲಿ ಭದ್ರತೆಯ ಬಗ್ಗೆ ಎಚ್ಚರಿಕೆಯ ಸಾಲು ಇರುತ್ತದೆ, ಓದಿ. ಗುರುತು ಹಾಕುವ ಚೌಕವಿದ್ದರೆ ಗುರುತು ಹಾಕಿ Allow ಒತ್ತಿ. ಇದು ಮೊದಲನೆಯ ಅನುಮತಿ. ಇದರಿಂದ ನನಗೆ ನೋಡಲು ಮಾತ್ರ ಸಾಧ್ಯ, ಏನನ್ನೂ ಒತ್ತಲು ಆಗುವುದಿಲ್ಲ. ಪರದೆಯ ಮೇಲೆ ಹೆಸರು ಹೇಗೆ ಕಾಣುತ್ತದೆ, ಪ್ರಿಂಟರಿಗೆ ಯಾವ ಡ್ರೈವರ್ ಇದೆ ಎಂಬುದನ್ನು ಮಂಜುಳಾ ಅವರೇ ತೆರೆದು ತೋರಿಸಿದರೆ ಸಾಕು. ಇಷ್ಟರಲ್ಲೇ ಕಾರಣ ಸಿಗುತ್ತದೆ ಎಂಬ ನಂಬಿಕೆ ನನಗಿದೆ.

ಕಾರಣ ತಿಳಿದ ಮೇಲೆ ಎರಡನೆಯ ಅನುಮತಿ ಕೇಳುತ್ತೇನೆ. ಅದು ಮೌಸ್ ಮತ್ತು ಕೀಬೋರ್ಡನ್ನು ಇಲ್ಲಿಂದ ನಡೆಸಲು. ಏನು ಮಾಡಲಿದ್ದೇನೆ ಎಂದು ಮೊದಲು ಫೋನಿನಲ್ಲಿ ಹೇಳಿ, ನೀವು ಸರಿ ಎಂದ ಮೇಲೆಯೇ ಕೋರಿಕೆ ಕಳುಹಿಸುತ್ತೇನೆ. ಮತ್ತೊಮ್ಮೆ Allow ಒತ್ತಿದರೆ ಮಾತ್ರ ಅದು ಸಿಗುತ್ತದೆ. ನಾನು ಕೆಲಸ ಮಾಡುತ್ತಿರುವಾಗಲೂ ನಿಮ್ಮ ಮೌಸ್ ನಿಮ್ಮ ಕೈಯಲ್ಲಿ ನಡೆಯುತ್ತಲೇ ಇರುತ್ತದೆ. ಇಷ್ಟವಾಗದ್ದು ಕಂಡರೆ Quick Assist ಪಟ್ಟಿಯಲ್ಲಿರುವ Leave ಒತ್ತಿ, ಸಂಪರ್ಕ ಕಡಿಯುತ್ತದೆ. ಗುಂಡಿ ಸಿಗದಿದ್ದರೆ ಇಂಟರ್ನೆಟ್ ಆರಿಸಿದರೂ ಅದೇ ಆಗುತ್ತದೆ. ಕಾರಣ ಹೇಳಬೇಕಾಗಿಲ್ಲ, ನಾನು ಬೇಸರಪಟ್ಟುಕೊಳ್ಳುವುದೂ ಇಲ್ಲ.

ಹಿಡಿತ ಸಿಕ್ಕ ಕೂಡಲೇ ನಾನು ಮಾಡುವ ಮೊದಲ ಕೆಲಸ, ನಿಮ್ಮ ಇಡೀ ಲೆಕ್ಕದ ಒಂದು ನಕಲನ್ನು ಆ ಖಾಲಿ ಪೆನ್ ಡ್ರೈವಿಗೆ ಹಾಕುವುದು. ಅದು ಮುಗಿದು, ನಕಲು ಸರಿಯಾಗಿ ಬಂದಿದೆ ಎಂದು ತೆರೆದು ನೋಡುವವರೆಗೆ ಬೇರೇನನ್ನೂ ಮುಟ್ಟುವುದಿಲ್ಲ. ಸೀಸನ್ನಿನ ನಡುವೆ ಲೆಕ್ಕದ ವಿಷಯದಲ್ಲಿ ಅದೃಷ್ಟವನ್ನು ನಂಬಬಾರದು. ಆ ಪೆನ್ ಡ್ರೈವ್ ನಿಮ್ಮ ಬೀರುವಿನಲ್ಲೇ ಇರಲಿ.

ಮೂರನೆಯ ಅನುಮತಿಯ ವಿಷಯ ಸ್ವಲ್ಪ ಬೇರೆ. ಫಾಂಟ್ ಮತ್ತು ಡ್ರೈವರ್ ಹಾಕುವಾಗ, ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಲು ಬಿಡಬಹುದೇ ಎಂದು ವಿಂಡೋಸ್ ಕೇಳುತ್ತದೆ. ಆ ಹೊತ್ತಿಗೆ ನನ್ನ ಕಡೆ ಪರದೆ ಕಪ್ಪಾಗುತ್ತದೆ, ನನಗೆ ಏನೂ ಕಾಣುವುದಿಲ್ಲ. ಉತ್ತರ ಕೊಡಬೇಕಾದವರು ಕಂಪ್ಯೂಟರಿನ ಮುಂದೆ ಕುಳಿತಿರುವ ನೀವೇ. ಅಲ್ಲಿ ಕಾಣುವ ಹೆಸರನ್ನು ನನಗೆ ಓದಿ ಹೇಳಿ, ನಾವು ಮಾತಾಡಿಕೊಂಡದ್ದೇ ಆಗಿದ್ದರೆ Yes ಒತ್ತಿ. ಪಾಸ್‌ವರ್ಡ್ ಕೇಳಿದರೆ ನೀವೇ ಟೈಪ್ ಮಾಡಿ, ಫೋನಿನಲ್ಲಿ ಜೋರಾಗಿ ಹೇಳಬೇಡಿ. ಮಂಜುಳಾ ಅವರ ಲಾಗಿನ್‌ಗೆ ಈ ಅಧಿಕಾರ ಇಲ್ಲದಿರಬಹುದು. ಆದ್ದರಿಂದ ನಾಳೆ ನೀವು ಅಥವಾ ಆ ಪಾಸ್‌ವರ್ಡ್ ಗೊತ್ತಿರುವ ನಿಮ್ಮ ಮಗ ಅಲ್ಲೇ ಇರಬೇಕು.

ಕೊನೆಗೆ ಎರಡು ಮೂರು ಹಳೆಯ ಪಟ್ಟಿಗಳನ್ನು ಅಚ್ಚು ಹಾಕಿ ನೋಡೋಣ. ಒತ್ತಕ್ಷರ ಇರುವ ಹೆಸರುಗಳನ್ನೇ ಆರಿಸಿಕೊಳ್ಳೋಣ, ಕೃಷ್ಣಪ್ಪ, ಲಕ್ಷ್ಮಮ್ಮ ಇಂಥವು. ಅವು ಸರಿ ಬಂದರೆ ಉಳಿದವೂ ಬರುತ್ತವೆ. ಸಂಪರ್ಕ ಮುಗಿಸಿ Quick Assist ಮುಚ್ಚಿದ ಮೇಲೆ, ನೀವು ಹೊಸ ಸಂಕೇತ ಹಾಕದೆ ನಾನು ಮತ್ತೆ ಒಳಗೆ ಬರಲು ಆಗುವುದಿಲ್ಲ.

ನಿಮ್ಮ ರೈತರ ಬಾಕಿ, ಮುಂಗಡ, ಖರೀದಿದಾರರ ಲೆಕ್ಕ ಎಲ್ಲವೂ ಆ ಕಂಪ್ಯೂಟರಿನಲ್ಲಿದೆ ಎಂಬುದು ನನಗೆ ಗೊತ್ತು. ನಕಲು ಸರಿಯಾಗಿ ಬಂದಿದೆಯೇ ಎಂದು ನೋಡುವುದನ್ನು ಬಿಟ್ಟರೆ ನಾನು ತೆರೆಯುವುದು ಪಟ್ಟಿಯ ಪುಟ, ಪ್ರಿಂಟರ್ ಮತ್ತು ಫಾಂಟಿನ ಸೆಟ್ಟಿಂಗ್ ಇವನ್ನು ಮಾತ್ರ. ನಾಳಿನ ಕೆಲಸವನ್ನು ವಿಡಿಯೊ ಮಾಡಿಕೊಳ್ಳುವುದಿಲ್ಲ, ಯಾವ ಕಡತವನ್ನೂ ಇಲ್ಲಿಗೆ ತರಿಸಿಕೊಳ್ಳುವುದಿಲ್ಲ. ಏನು ಬದಲಾಯಿಸಿದೆ ಎಂಬುದನ್ನು ನಾಳೆ ಸಂಜೆಯೇ ಬರೆದು ಕಳುಹಿಸುತ್ತೇನೆ.

ದೂರದಿಂದ ನೋಡುವುದು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಸಂಕೋಚಪಡಬೇಡಿ. ಶನಿವಾರ ನಮ್ಮ ಸಿಬ್ಬಂದಿ ಚಿಂತಾಮಣಿಗೆ ಬರುವವರಿದ್ದಾರೆ, ಅಲ್ಲಿಂದ ಕೋಲಾರಕ್ಕೂ ಬರಲು ಹೇಳುತ್ತೇನೆ. ನಿರ್ವಹಣೆಯ ಒಪ್ಪಂದ ಇರುವುದರಿಂದ ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಇಂದು ಸಂಜೆಯೊಳಗೆ ಇದೇ ಪತ್ರಕ್ಕೆ ಮಾಲೀಕರಾದ ನೀವೇ ಉತ್ತರ ಬರೆಯಬೇಕೆಂದು ಕೋರುತ್ತೇನೆ: ನಾಳೆ 3 ಗಂಟೆಗೆ ಒಪ್ಪಿಗೆ ಇದೆಯೇ, ಕಂಪ್ಯೂಟರಿನ ಮುಂದೆ ಯಾರು ಕೂರುತ್ತಾರೆ, ಮತ್ತು ನಮ್ಮ ಪೆನ್ ಡ್ರೈವ್ ಸಿಕ್ಕಿತೇ. ಅದು ಸಿಗದಿದ್ದರೆ ಫಾಂಟ್ ಕಳುಹಿಸಲು ಬೇರೆ ವ್ಯವಸ್ಥೆ ಇವತ್ತೇ ಮಾಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸುರೇಶ್
ಗ್ರಾಹಕ ನೆರವು ಎಂಜಿನಿಯರ್, ತುಮಕೂರು