ವಿಷಯ: ಉತ್ತರ ಕನ್ನಡದ ಗುಡಿಗಾರರ ಕುರಿತ ಸಚಿತ್ರ ಲೇಖನದ ಪ್ರಸ್ತಾವ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಶಿರಸಿಯಲ್ಲಿ ಪತ್ರಿಕೋದ್ಯಮ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದು, ಬಿಡುವಿನಲ್ಲಿ ಪತ್ರಿಕೆಗಳಿಗೆ ಬರೆಯುತ್ತೇನೆ. ನಮ್ಮ ಜಿಲ್ಲೆಯ ಗುಡಿಗಾರರ ಕುರಿತು ತಮ್ಮ ಮಾಸಪತ್ರಿಕೆಯ ಮಾರ್ಚ್ ಸಂಚಿಕೆಗೆ ಸುಮಾರು 1,800 ಪದಗಳ ಲೇಖನವೊಂದನ್ನು ಬರೆದುಕೊಡಲು ತಮ್ಮ ಒಪ್ಪಿಗೆ ಕೋರುತ್ತಿದ್ದೇನೆ.

ಗುಡಿಗಾರರೆಂದರೆ ಓದುಗರಿಗೆ ಮೊದಲು ನೆನಪಾಗುವುದು ಶ್ರೀಗಂಧದ ಕೆತ್ತನೆ. ಆ ಬಗ್ಗೆ ಸಾಕಷ್ಟು ಬರಹಗಳು ಬಂದಿವೆ. ಕೈಗೆ ಸಿಗುವ ವಸ್ತು ಬದಲಾದಂತೆ ಕಸುಬು ಹೇಗೆ ಬದಲಾಯಿತೆಂಬುದು ನನ್ನ ಲೇಖನದ ವಿಷಯ. ಇವರ ಉಳಿಗೆ ಒಂದು ಕಾಲದಲ್ಲಿ ದಂತವೂ ಒಗ್ಗಿತ್ತು. ವನ್ಯಜೀವಿ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿಯಿಂದ ಭಾರತದ ಆನೆದಂತದ ವ್ಯಾಪಾರಕ್ಕೆ ತಡೆ ಬಿತ್ತು. ಶ್ರೀಗಂಧವಂತೂ ಯಾರ ಹಿತ್ತಲಿನಲ್ಲಿ ಹುಟ್ಟಿದರೂ ಬಹುಕಾಲ ಸರ್ಕಾರದ ಸ್ವತ್ತಾಗಿತ್ತು. ಅರಣ್ಯ ಕಾಯ್ದೆಗೆ 2001ರಲ್ಲಿ ಬಂದ ತಿದ್ದುಪಡಿಯಿಂದ ಮರವು ಜಮೀನಿನ ಒಡೆಯನದಾಯಿತಾದರೂ ಅದನ್ನು ಕಡಿಯಲು ಅನುಮತಿ ಬೇಕು. ಹೀಗಾಗಿ ಶಿವಣೆಯಂಥ ಮರಗಳೂ ಕೆತ್ತನೆಗೆ ಬಂದವು.

ಲೇಖನದ ಹೆಚ್ಚಿನ ಭಾಗವನ್ನು ಬೆಂಡಿನ ಕೆಲಸಕ್ಕೆ ಮೀಸಲಿಡುವ ಉದ್ದೇಶ ನನ್ನದು. ಕೆರೆ ಮತ್ತು ಜೌಗು ನೆಲದಲ್ಲಿ ಬೆಳೆಯುವ ಗಿಡದ ಕಾಂಡದ ತೊಗಟೆ ತೆಗೆದು, ಒಳಗಿನ ಬಿಳಿಯ ತಿರುಳನ್ನು ಹರಿತವಾದ ಕತ್ತಿಯಿಂದ ಕಾಗದದಷ್ಟು ತೆಳ್ಳಗೆ ಸುರುಳಿಯಾಗಿ ಬಿಡಿಸಿ, ಅದರಿಂದ ಹೂವು, ಮೊಗ್ಗುಗಳನ್ನು ಕತ್ತರಿಸಿ, ಬಣ್ಣ ಮತ್ತು ಬೇಗಡೆ ಸೇರಿಸಿ ಮದುವೆಯ ಬಾಸಿಂಗ ಕಟ್ಟುತ್ತಾರೆ. ಗಂಧದ ಮೂರ್ತಿ ದೂರದೂರಿನ ಗಾಜಿನ ಕಪಾಟು ಸೇರುತ್ತದೆ. ಬಾಸಿಂಗ ನಮ್ಮ ಮನೆಯವರ ಹಣೆಯ ಮೇಲಿರುತ್ತದೆ, ಆದರೂ ಕಟ್ಟಿದವರು ಯಾರೆಂದು ನಾವು ಕೇಳುವುದಿಲ್ಲ. ನಾನೂ ಕೇಳಿದವಳಲ್ಲ. ನಮ್ಮ ಅಕ್ಕನ ಮದುವೆಯ ಬಾಸಿಂಗ ಥರ್ಮೋಕೋಲಿನದೆಂದು ನನಗೆ ತಿಳಿದದ್ದು, ಅದರ ಫೋಟೊ ನೋಡಿದ ಗುಡಿಗಾರ ಅಜ್ಜಿಯೊಬ್ಬರು ನಕ್ಕ ಮೇಲೆ.

ಆ ಅಜ್ಜಿಯ ಮನೆ ಸಿದ್ದಾಪುರ ತಾಲೂಕಿನಲ್ಲಿದೆ. ಮೂರು ಬಾರಿ ಹೋಗಿ ಕೆಲಸ ನೋಡಿದ್ದೇನೆ. ಮಾತು ಮತ್ತು ಛಾಯಾಚಿತ್ರಗಳನ್ನು ಪ್ರಕಟಿಸಲು ಕುಟುಂಬದವರು ಒಪ್ಪಿದ್ದಾರೆ, ಆದರೆ ದುಡಿಮೆಯ ಲೆಕ್ಕವನ್ನು ಬರೆಯುವ ಮುನ್ನ ತಮಗೆ ಓದಿ ಹೇಳಬೇಕೆಂದು ಕೇಳಿದ್ದಾರೆ. ಕುಮಟಾದ ಮರಗೆತ್ತನೆಯವರೊಬ್ಬರನ್ನೂ ಅರಣ್ಯ ಇಲಾಖೆಯ ಅಧಿಕಾರಿಗಳನ್ನೂ ಇನ್ನು ಭೇಟಿಯಾಗಬೇಕಿದೆ. ಬೆಂಡನ್ನು ಬಿಡಿಸುವ ಹಂತಗಳನ್ನು ತೋರುವ ಆರು ಛಾಯಾಚಿತ್ರಗಳ ಜೊತೆ ಲೇಖನವನ್ನು ಜನವರಿ 20ರೊಳಗೆ ಕಳುಹಿಸಬಲ್ಲೆ. ಆಗ ಬೇಸಿಗೆಯ ಮದುವೆಗಳ ಹೊತ್ತಿಗೆ ಅದು ಓದುಗರ ಕೈಯಲ್ಲಿರುತ್ತದೆ.

ಅಘನಾಶಿನಿ ಅಳಿವೆಯಲ್ಲಿ ಬೆಳಚು ಆಯುವ ಹೆಂಗಸರ ಕುರಿತ ನನ್ನ ಪ್ರಕಟಿತ ಬರಹವನ್ನೂ ಬೆಂಡಿನ ಕೆಲಸದ ಎರಡು ಛಾಯಾಚಿತ್ರಗಳನ್ನೂ ಲಗತ್ತಿಸಿದ್ದೇನೆ. ಈ ಪ್ರಸ್ತಾವವನ್ನು ಬೇರೆ ಯಾವ ಪತ್ರಿಕೆಗೂ ಕಳುಹಿಸಿಲ್ಲ. ಸಂಭಾವನೆ ಪತ್ರಿಕೆಯ ಕ್ರಮದಂತೆಯೇ ಇರಲಿ. ಕುಮಟಾದ ಓಡಾಟದ ಖರ್ಚನ್ನು ಭರಿಸುವ ಪದ್ಧತಿ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ. ಪರೀಕ್ಷೆಗಳು ಡಿಸೆಂಬರ್ ಮೊದಲ ವಾರದಲ್ಲಿ ಮುಗಿಯುವುದರಿಂದ, ಅಷ್ಟರೊಳಗೆ ತಮ್ಮ ಉತ್ತರ ಬಂದರೆ ಕುಮಟಾದ ಭೇಟಿಯನ್ನು ಗೊತ್ತುಮಾಡಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,
ಅನಘಾ ಹೆಗಡೆ
ಶಿರಸಿ, ಉತ್ತರ ಕನ್ನಡ