ನಿಮ್ಮ ಪತ್ರೊಡೆ ನೋಡಿದೆ

ಸುಹಾಸ್,

ನಿಮ್ಮ ಪತ್ರೊಡೆಯ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಎಂಥ ಸುರುಳಿ! ಒಂದೂ ಪದರ ಬಿಚ್ಚಿಕೊಂಡಿಲ್ಲ, ಹಿಟ್ಟು ಎಲ್ಲಿಯೂ ದಪ್ಪವಾಗಿ ನಿಂತಿಲ್ಲ, ಕಾವಲಿಗೆ ತಾಗಿದ ಅಂಚು ಮಾತ್ರ ಕೆಂಪಗೆ ಗರಿಗರಿಯಾಗಿದೆ. ಪೂರ್ತಿ ಆರುವ ತನಕ ಕಾದು ಕತ್ತರಿಸಿದ್ದೀರಿ ಎಂದು ನೋಡಿದರೇ ತಿಳಿಯುತ್ತದೆ. ಹಬೆಯಿಂದ ಇಳಿಸಿದ ಕೂಡಲೇ ಚಾಕು ಹಾಕಿ ಪುಡಿ ಮಾಡುವವರೇ ಹೆಚ್ಚು. ಕಾಯಲು ಬಲ್ಲ ಗಂಡಸನ್ನು ನಾನು ಕಂಡದ್ದು ಕಡಿಮೆ. ಕಚೇರಿಯಲ್ಲಿ ನಿಮ್ಮನ್ನು ಮೆಚ್ಚಲು ನನಗೆ ಆಗಲೇ ಸಾಕಷ್ಟು ಕಾರಣಗಳಿದ್ದವು, ಈಗ ಇದೂ ಸೇರಿತು.

ಕೆಲವು ಪ್ರಶ್ನೆಗಳಿವೆ. ಎಲೆ ಯಾವುದು, ಕಪ್ಪು ದಂಟಿನ ಕೆಸುವೇ? ಬೆನ್ನಿನ ದಪ್ಪ ನರವನ್ನು ಹೆರೆದಿರಾ ಅಥವಾ ಲಟ್ಟಣಿಗೆಯಿಂದ ಒತ್ತಿದಿರಾ? ಹುಣಸೆಹಣ್ಣು ಎಷ್ಟು ಹಾಕಿದಿರಿ? ಗಂಟಲು ತುರಿಸಬಾರದೆಂದು ನನ್ನ ಅಮ್ಮ ಧಾರಾಳವಾಗಿ ಹಾಕುತ್ತಾರೆ, ಅದಕ್ಕೆ ಸರಿಯಾಗಿ ಬೆಲ್ಲವನ್ನೂ ಏರಿಸುತ್ತಾರೆ. ನಿಮ್ಮ ಪುತ್ತೂರಿನ ಕಡೆ ಖಾರ ಮುಂದೋ, ಸಿಹಿ ಮುಂದೋ? ಅಕ್ಕಿಯ ಜೊತೆ ಬೇಳೆ ನೆನೆಸಿದಿರೋ ಇಲ್ಲವೋ ಎಂಬುದನ್ನೂ ತಿಳಿಯಬೇಕು. ನಿಧಾನವಾಗಿ ಉತ್ತರಿಸಿ. ಒಂದೊಂದಕ್ಕೂ ಬೇರೆ ಬೇರೆ ಸಂದೇಶ ಕಳುಹಿಸಿದರೆ ನನಗೆ ಇನ್ನೂ ಸಂತೋಷ.

ಸಾಗರದ ನಮ್ಮ ಮನೆಯಲ್ಲಿ ಬೇಯಿಸಿದ ಉಂಡೆಯನ್ನು ಪುಡಿ ಮಾಡಿ, ಸಾಸಿವೆ, ಕರಿಬೇವಿನ ಒಗ್ಗರಣೆಗೆ ಹಾಕಿ, ಮೇಲೆ ಕೈತುಂಬ ತೆಂಗಿನತುರಿ ಉದುರಿಸುತ್ತಾರೆ. ಅದೇ ಶ್ರೇಷ್ಠವೆಂದು ಇಷ್ಟು ವರ್ಷ ವಾದ ಮಾಡಿಕೊಂಡು ಬಂದವಳು ನಾನು. ನಿಮ್ಮ ತಟ್ಟೆಯ ಆ ಕೆಂಪು ಅಂಚು ನೋಡಿದ ಮೇಲೆ ವಾದದ ಬಿಸಿ ಸ್ವಲ್ಪ ಇಳಿದಿದೆ. ತಿನ್ನಿಸಿದರೆ ಪೂರ್ತಿ ಸೋಲಲೂ ಸಿದ್ಧಳಿದ್ದೇನೆ, ಆದರೆ ನಿಮ್ಮ ಕೈಯಿಂದಲೇ ಆಗಬೇಕು.

ಇನ್ನೊಂದು ಮಾತು. ಫೋಟೊದ ಮೂಲೆಯಲ್ಲಿ ಹಿಟ್ಟು ಅಂಟಿದ ಒಂದು ಹೆಬ್ಬೆರಳು ಬಂದಿದೆ. ಅದನ್ನು ಕತ್ತರಿಸಿ ತೆಗೆಯದೆ ಹಾಗೆಯೇ ಬಿಟ್ಟದ್ದಕ್ಕೆ ಧನ್ಯವಾದ. ಅಡುಗೆಯಷ್ಟೇ ಹೊತ್ತು ಅದನ್ನೂ ನೋಡಿದ್ದೇನೆ.

ಮಳೆ ಹಿಡಿದಿರುವುದರಿಂದ ಊರಿನಲ್ಲಿ ಈಗ ಮರದ ಮೇಲೆ ಮರಕೆಸು ಚಿಗುರಿದೆ. ಬೆಂಗಳೂರಿನ ಪೇಟೆಯಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಅಮ್ಮನಿಗೆ ಹೇಳಿದರೆ ಶನಿವಾರ ರಾತ್ರಿಯ ಬಸ್ಸಿನಲ್ಲಿ ಒಂದು ಕಟ್ಟು ಕಳುಹಿಸುತ್ತಾರೆ, ಭಾನುವಾರ ಬೆಳಗ್ಗೆ ನನ್ನ ಕೈ ಸೇರುತ್ತದೆ. ಎಲೆ ನನ್ನದು, ಹಿಟ್ಟು ನಿಮ್ಮದು. ಹಚ್ಚುವುದನ್ನು ಇಬ್ಬರೂ ಸೇರಿ ಮಾಡೋಣ, ಸುತ್ತುವುದನ್ನು ನೀವು ಕಲಿಸಿ. ಬೇಯಲು ಹೇಗೂ ಮುಕ್ಕಾಲು ಗಂಟೆ ಬೇಕು, ಆರಲು ಇನ್ನಷ್ಟು ಹೊತ್ತು. ಅಷ್ಟು ಹೊತ್ತು ನಿಮ್ಮೊಡನೆ ಮಾತನಾಡುತ್ತಾ ಕೂರುವ ಆಸೆಯಿಂದಲೇ ಈ ತಿಂಡಿಯನ್ನು ಆರಿಸಿಕೊಂಡಿದ್ದೇನೆ.

ಅಮ್ಮನಿಗೆ ಇವತ್ತೇ ಫೋನ್ ಮಾಡಲೇ?