ನಾಲ್ಕು ಲೇಬಲ್, ಆರು ಕರೆಕ್ಷನ್: ಕೆಲಸ ಚೆನ್ನಾಗಿದೆ, ತಾರೀಖಿನ ಬಗ್ಗೆ ಮಾತ್ರ ಹುಷಾರು

ಒಟ್ಟು: 5ಕ್ಕೆ 4
ಕಮ್ಯುನಿಕೇಶನ್: 4
ಡೆಡ್‌ಲೈನ್: 3
ಕರೆಕ್ಷನ್: 5

ನಮ್ಮದು ಬಾಗಲಕೋಟೆ ನವನಗರ. ಅವ್ವ ಮತ್ತು ವೈನಿ ಮನೆಯಲ್ಲೇ ಕರದಂಟು, ಚಟ್ನಿಪುಡಿ ಮಾಡುತ್ತಾರೆ, ಆರ್ಡರ್ ಮತ್ತು ಫೋನ್ ಕೆಲಸ ನನ್ನದು. ಇಷ್ಟು ದಿನ ಬಿಳಿ ಸ್ಟಿಕ್ಕರ್ ಮೇಲೆ ಹೆಸರು ಬರೆದು ಅಂಟಿಸುತ್ತಿದ್ದೆವು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಅಂಗಡಿ ಹಾಕೋಣ ಅಂತ ಆದ ಮೇಲೆ ಸರಿಯಾದ ಲೇಬಲ್ ಬೇಕಾಯಿತು. ಕರದಂಟಿನ ಬಾಕ್ಸ್‌ಗೆ ಒಂದು, ಶೇಂಗಾ, ಅಗಸಿ, ಗುರೆಳ್ಳು ಚಟ್ನಿ ಪ್ಯಾಕೆಟ್‌ಗೆ ಒಂದೊಂದು, ಒಟ್ಟು ನಾಲ್ಕು. ಡಿಸೈನ್ ಮಾಡಲು ಇವರಿಗೆ ಕೊಟ್ಟಿದ್ದು 6,500 ರೂಪಾಯಿ, ಪ್ಯಾಕೇಜಿನಲ್ಲಿ 3 ಕರೆಕ್ಷನ್ ಸೇರಿತ್ತು.

ಇಲ್ಲಿ ಆರ್ಡರ್ ವಿವರದಲ್ಲಿ ಕರೆಕ್ಷನ್ 6 ಅಂತ ಕಾಣುತ್ತದೆ. ಅದನ್ನು ನೋಡಿ ಈ ಡಿಸೈನರ್‌ಗೆ ಕೆಲಸ ಬರಲ್ಲ ಅಂತಲೋ, ನಾವೇ ಕಾಟ ಕೊಡುವ ಗಿರಾಕಿ ಅಂತಲೋ ಅಂದುಕೊಳ್ಳಬೇಡಿ. ಎರಡೂ ಅಲ್ಲ. ಆ ಆರರಲ್ಲಿ ಯಾವುದು ಯಾರ ಲೆಕ್ಕಕ್ಕೆ ಹೋಗಬೇಕು ಅನ್ನೋದೇ ಮುಖ್ಯ, ಮತ್ತು ಅದರಲ್ಲಿ ಇವರು ತುಂಬಾ ನ್ಯಾಯವಾಗಿ ನಡೆದುಕೊಂಡರು. ನಾನು 5 ಕೊಟ್ಟಿರುವುದು ಅದಕ್ಕೇ.

ಮೊದಲ ಸ್ಯಾಂಪಲ್ ಬಂದಾಗ ಒತ್ತಕ್ಷರ ಎಲ್ಲ ಒಡೆದುಹೋಗಿತ್ತು. ಚಟ್ನಿಯ ಟ ಬೇರೆ, ನಿ ಬೇರೆ. ಗುರೆಳ್ಳು ಅನ್ನುವುದನ್ನಂತೂ ಓದಲೇ ಆಗುತ್ತಿರಲಿಲ್ಲ. ಕನ್ನಡ ಗೊತ್ತಿರುವ ಡಿಸೈನರ್ ಅಂತಲೇ ಇವರನ್ನು ಆರಿಸಿದ್ದು, ಆದ್ದರಿಂದ ಸ್ವಲ್ಪ ಸಿಟ್ಟೇ ಬಂತು. ಕೇಳಿದ್ದಕ್ಕೆ ನೆಪ ಹೇಳಲಿಲ್ಲ. ಹೊಸ ಲ್ಯಾಪ್‌ಟಾಪ್‌ನಲ್ಲಿ ಇಲ್ಲಸ್ಟ್ರೇಟರ್ ಹಾಕಿಕೊಂಡಿದ್ದರಂತೆ, ಅದರಲ್ಲಿ `Show Indic Options` ಆನ್ ಮಾಡಿ ಅದಕ್ಕೆ ತಕ್ಕ ಕಂಪೋಸರ್ ಆರಿಸದಿದ್ದರೆ ಕನ್ನಡ ಹೀಗೇ ಚೆಲ್ಲಾಪಿಲ್ಲಿ ಆಗುತ್ತದಂತೆ. ಅದೇ ದಿನ ಸರಿ ಮಾಡಿ ಕಳಿಸಿದರು, ಕೆಳಗೆ ಒಂದು ಸಾಲು ಬರೆದಿದ್ದರು: "ಇದು ನನ್ನ ತಪ್ಪು, ನಿಮ್ಮ 3ರಲ್ಲಿ ಹಿಡಿಯಲ್ಲ." ಹಿಂದೆ ಬೇರೆ ಕಡೆ ಬ್ಯಾನರ್ ಮಾಡಿಸಿದಾಗ ಅವರೇ ತಪ್ಪು ಟೈಪ್ ಮಾಡಿದ ಫೋನ್ ನಂಬರ್ ತಿದ್ದುವುದಕ್ಕೂ ದುಡ್ಡು ಕೇಳಿದ್ದರು. ಆ ಅನುಭವ ಇದ್ದವರಿಗೆ ಈ ಸಾಲಿನ ಬೆಲೆ ಗೊತ್ತಾಗುತ್ತೆ.

ಗುರೆಳ್ಳಿನ ಪ್ಯಾಕೆಟ್ ಮೇಲೆ ಕರಿ ಎಳ್ಳಿನ ಫೋಟೋ ಬಂದಿತ್ತು. ವೈನಿ ನೋಡಿ "ಇದನ್ನ ನೋಡಿದ್ರ ಜಾತ್ರ್ಯಾಗ ಮಂದಿ ನಗ್ತಾರ" ಅಂದರು. ನಾನೇ ಅಂಗಳದಲ್ಲಿ ಕಾಳು ಹರಡಿ ಫೋಟೋ ತೆಗೆದು ಕಳಿಸಿದೆ, ಅದನ್ನೇ ಚೆಂದ ಮಾಡಿ ಹಾಕಿದರು. ಇದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾವು ಕೇಳಿ ಮಾಡಿಸಿದ್ದು ಮೂರು. ಬಣ್ಣ ಇಳಕಲ್ ಸೀರೆ ಸೆರಗಿನ ಕೆಂಪು ಆಗಬೇಕು ಅಂತ ವೈನಿ ಹಟ. ಮೊಬೈಲಿನಲ್ಲಿ ಕಾಣುವಷ್ಟು ಝಗ್ ಅಂತ ಪ್ರಿಂಟಿನಲ್ಲಿ ಬರಲ್ಲ, ಸ್ವಲ್ಪ ಮಂಕಾಗುತ್ತದೆ ಅಂತ ಡಿಸೈನರ್ ಮೊದಲೇ ಹೇಳಿದ್ದರು, ಹಾಗೇ ಆಯಿತು, ಆದ್ದರಿಂದ ಜಗಳಕ್ಕೆ ಜಾಗವೇ ಇರಲಿಲ್ಲ. ಆಮೇಲೆ ಅಕ್ಷರ ದೊಡ್ಡದು ಮಾಡಿಸಿದೆವು. ಮೂರನೆಯದು ತಯಾರಿಸಿದ ದಿನಾಂಕ, ಬ್ಯಾಚ್ ನಂಬರ್ ಸೀಲ್ ಹೊಡೆಯಲು ಬಿಳಿ ಜಾಗ. ಲ್ಯಾಮಿನೇಷನ್ ಮೇಲೆ ಸೀಲ್ ಹೊಡೆದರೆ ಶಾಯಿ ಅಳಿಸುತ್ತದೆ, ಅಷ್ಟು ಜಾಗ ಹಾಗೇ ಬಿಡಬೇಕು. ಆಹಾರದ ಲೇಬಲ್ ಮಾಡುವವರು ಇದನ್ನು ತಾವಾಗೇ ಕೇಳಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಆದರೂ ಇದನ್ನು ನಮ್ಮ ಲೆಕ್ಕಕ್ಕೇ ಬಿಟ್ಟೆ.

ಆರನೆಯದು ಪ್ರೆಸ್ಸಿನವರಿಂದ. ಪಿಡಿಎಫ್ ತೆಗೆದುಕೊಂಡು ಹೋದೆ. "ಇದರಾಗ ಬ್ಲೀಡ್ ಇಲ್ರೀ, ಕಟಿಂಗ್ ಮಾಡಿದ್ರ ಅಂಚಿಗೆ ಬಿಳಿ ಗೆರಿ ಬರ್ತೈತಿ. ಕೋರೆಲ್‌ದ ಸಿಡಿಆರ್ ಫೈಲ್ ಇದ್ರ ತರ್‍ರಿ" ಅಂದರು. ಅಲ್ಲಿಂದಲೇ ಫೋನ್ ಮಾಡಿದೆ. ನಾಲ್ಕೂ ಕಡೆ ಬಣ್ಣವನ್ನು ಕಟಿಂಗ್ ಗೆರೆಯ ಆಚೆ 3 ಮಿ.ಮೀ. ಹೆಚ್ಚಿಗೆ ಬಿಟ್ಟು, ಅಕ್ಷರವನ್ನೆಲ್ಲ ಕರ್ವ್ ಮಾಡಿ, ಅಂದರೆ ಚಿತ್ರದಂಥ ಆಕಾರಕ್ಕೆ ಬದಲಿಸಿ, ಹೊಸ ಪಿಡಿಎಫ್ ಕಳಿಸಿದರು. ಹಾಗೆ ಮಾಡಿದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿ ಬಿಡಲಿ, ಅಕ್ಷರ ಬದಲಾಗಲ್ಲ. ಪ್ರೆಸ್ಸಿನವರ ಕೋರೆಲ್ ಸಾಫ್ಟ್‌ವೇರಿನಲ್ಲಿ ಸರಿಯಾಗಿ ಓಪನ್ ಆಯಿತು.

ಕಮ್ಯುನಿಕೇಶನ್‌ಗೆ ಬಂದರೆ, ಕೆಲಸ ಶುರು ಮಾಡುವ ಮುಂಚೆ ಇವರು ಕೇಳಿದ ಪ್ರಶ್ನೆಗಳೇ ಅರ್ಧ ಕೆಲಸ ಮುಗಿಸಿದವು. ಎಫ್ಎಸ್ಎಸ್ಎಐನ 14 ಅಂಕಿಯ ನಂಬರ್ ಇದೆಯಾ, ನಿವ್ವಳ ತೂಕ ಎಷ್ಟು, ಎಷ್ಟು ದಿನ ಬಾಳುತ್ತದೆ, ಕರದಂಟಿಗೆ ಏನೇನು ಹಾಕುತ್ತೀರಿ. ಅಂಟು, ಬೆಲ್ಲ, ಉತ್ತತ್ತಿ, ಒಣಕೊಬ್ಬರಿ, ಗೋಡಂಬಿ, ಬಾದಾಮಿ ಅಂತ ಪಟ್ಟಿ ಕಳಿಸಿದರೆ, ಗೋಡಂಬಿ ಬಾದಾಮಿ ಇದ್ದರೆ ಅಲರ್ಜಿ ಸೂಚನೆ ಹಾಕಬೇಕು, ಶೇಂಗಾಕ್ಕೂ ಹಾಕಬೇಕು ಅಂತ ಅವರೇ ನೆನಪಿಸಿದರು. ಹಸಿರು ಚುಕ್ಕೆಯ ಗುರುತು ಕೂಡ ಅವರೇ ಇಟ್ಟರು. ಮಾತಾಡಿದ್ದೆಲ್ಲ ಕನ್ನಡದಲ್ಲಿ, ಸಂಜೆ ಮೆಸೇಜ್ ಹಾಕಿದರೆ ಬೆಳಗ್ಗೆ ಉತ್ತರ. ಅವ್ವ ಒಮ್ಮೆ ನೇರವಾಗಿ ಫೋನಿನಲ್ಲಿ ಮಾತಾಡಿ ಬಾಣಂತಿಯರಿಗೆ ಕರದಂಟು ಯಾಕೆ ಕೊಡುತ್ತಾರೆ ಅಂತ ಪೂರ್ತಿ ಕಥೆ ಹೇಳಿದರು, ಅದನ್ನೂ ಸಮಾಧಾನದಿಂದ ಕೇಳಿಸಿಕೊಂಡರು ಪಾಪ.

ಮತ್ತೆ ಒಂದು ಅಂಕ ಯಾಕೆ ಕಮ್ಮಿ? ಅದು ಡೆಡ್‌ಲೈನಿನ ವಿಷಯಕ್ಕೆ ಸೇರಿದ್ದು. ಮೊದಲ ಸ್ಯಾಂಪಲ್ ಹೇಳಿದ ದಿನಕ್ಕೇ ಬಂತು. ಫೈನಲ್ ಫೈಲ್ ಮಾತ್ರ ನಾಲ್ಕು ದಿನ ತಡ. ಬನದ ಹುಣ್ಣಿಮೆಗೆ ತೇರು, ಅಷ್ಟರೊಳಗೆ ಪ್ರಿಂಟ್ ಆಗಿ, ಪ್ಯಾಕ್ ಆಗಿ, ಮಾಲು ಬಾದಾಮಿ ಮುಟ್ಟಬೇಕು ಅಂತ ಮೊದಲ ದಿನವೇ ಬರೆದಿದ್ದೆ. ತಡ ಆಗುವುದು ಒಂದು ಕಡೆ ಇರಲಿ, ಆ ನಾಲ್ಕು ದಿನದಲ್ಲಿ ಎರಡು ದಿನ ಮೆಸೇಜಿಗೆ ಉತ್ತರವೇ ಇಲ್ಲ. ಅಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದವರು ಸುಮ್ನೆ ಆಗಿಬಿಟ್ಟರೆ ಹೇಗಿರುತ್ತೆ ಹೇಳಿ. ಆಮೇಲೆ ಮನೆಯಲ್ಲಿ ಯಾರಿಗೋ ಆಸ್ಪತ್ರೆ ಅಂತ ತಿಳಿಸಿದರು. ಒಪ್ಪುತ್ತೇನೆ, ಕಷ್ಟ ಎಲ್ಲರಿಗೂ ಬರುತ್ತೆ. ಆದರೆ "ಎರಡು ದಿನ ತಡ ಆಗುತ್ತೆ" ಅಂತ ಒಂದು ಸಾಲು ಹಾಕಿದ್ದರೆ ಪ್ರೆಸ್ಸಿನವರಿಗೆ ಹೇಳಿ ನಮ್ಮ ಪಾಳಿ ಮುಂದಕ್ಕೆ ಹಾಕಿಸಬಹುದಿತ್ತು. ಅದಾಗದೆ ಅರ್ಜೆಂಟ್ ಅಂತ ಪ್ರೆಸ್ಸಿಗೆ 800 ರೂಪಾಯಿ ಜಾಸ್ತಿ ಕೊಡಬೇಕಾಯಿತು. ತೇರಿನ ದಿನಕ್ಕೆ ಕರದಂಟು ಮತ್ತು ಶೇಂಗಾ ಲೇಬಲ್ ಮಾತ್ರ ಸಿಕ್ಕವು, ಉಳಿದೆರಡು ಆಮೇಲೆ. ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ ಅನ್ನೋದಕ್ಕೆ ಬಚಾವಾದೆವು, ರಾತ್ರಿ ನಾಟಕ ಮುಗಿಸಿ ಹೋಗುವವರೇ ಅಗಸಿ ಚಟ್ನಿ ಹೆಚ್ಚು ಒಯ್ದರು.

ಆ 800ರ ವಿಷಯ ಹೇಳಿದಾಗ ಸೋರ್ಸ್ ಫೈಲ್ ಫ್ರೀಯಾಗಿ ಕೊಟ್ಟರು. ಇವರ ರೇಟಿನಲ್ಲಿ ಅದಕ್ಕೆ 1,000 ಬೇರೆ ಇದೆ. ಕೇಳದೇ ಕೊಟ್ಟಿದ್ದು.

ಇವರಿಗೆ ಕೆಲಸ ಕೊಡುವವರು ಪ್ರೆಸ್ಸಿಗೆ ಯಾವ ಫೈಲ್ ಬೇಕು ಅಂತ ಮೊದಲೇ ವಿಚಾರಿಸಿ ತಿಳಿಸಿ, ಮತ್ತು ನಿಜವಾಗಿ ಬೇಕಾದ ದಿನಕ್ಕಿಂತ ಒಂದು ವಾರ ಮುಂಚಿನ ತಾರೀಖು ಹೇಳಿ. ಪಂಚಮಿಗೆ ಉಂಡಿ ಬಾಕ್ಸ್ ಮಾಡಿಸುವುದಿದೆ, ಅದನ್ನೂ ಇವರಿಗೇ ಕೊಡುತ್ತಿದ್ದೇವೆ, ಈ ಸಲ ತಾರೀಖು ನಾನು ಹಾಗೇ ಹೇಳಿದ್ದೇನೆ. ಡಿಸೈನರ್ ಇದನ್ನು ಓದುತ್ತಿದ್ದರೆ ಬೇಜಾರು ಮಾಡ್ಕೋಬೇಡಿ.